ಅಕ್ಕನ ಮಿಕ್ಸಿಯ ಕಪ್ಲರ್

"ಮಿಕ್ಸಿ ಓಡ್ತಿದೆ, ಜಾರಲ್ಲಿ ಬ್ಲೇಡು ತಿರುಗ್ತಿಲ್ಲ, ರಬ್ಬರ್ ಸುಟ್ಟ ವಾಸನೆ. ಮುರಿದಿದ್ದರ ಫೋಟೋ ಹಾಕಿದೀನಿ ನೋಡೋ, ಯಾವ ಕಪ್ಲರ್ ತರಿಸ್ಲಿ?"

ಅಕ್ಕಾ, ಫೋಟೋ ದೊಡ್ಡದು ಮಾಡ್ಕೊಂಡು ನೋಡಿದೆ. ಇದು ಮೋಟಾರ್ ಮೇಲೆ ಕೂರೋ ಕಪ್ಲರ್, ಜಾರಿನ ತಳದ್ದಲ್ಲ. ಅಂಗಡೀಲಿ ಬರೀ ಕಪ್ಲರ್ ಅಂದ್ರೆ ಯಾವುದು ಅಂತ ಗೊತ್ತಾಗಲ್ಲ, ಅದಕ್ಕೆ ‘ಮೋಟಾರ್ ಕಪ್ಲರ್’ ಅಂತಾನೇ ಕೇಳ್ಬೇಕು.

ಹಲ್ಲು ಎಣಿಸೋಕೆ ಹೋದ್ರೆ ನಾಲ್ಕು ಸ್ಪಷ್ಟವಾಗಿ ಕಾಣ್ತವೆ, ಮಿಕ್ಕಿದ್ದು ಸವೆದು ನುಣ್ಣಗಾಗಿದೆ. ಆರು ಇತ್ತೇನೋ ಅನ್ಸುತ್ತೆ, ಆದ್ರೆ ಅಂದಾಜಿನ ಮೇಲೆ ತರೋದು ಬೇಡ. ಒಂದು ಜಾರನ್ನ ಬೋರಲು ಹಾಕಿ ತಳದ ಕಪ್ಲರ್ ನೋಡು. ಇವೆರಡೂ ಒಂದರೊಳಗೊಂದು ಕೂರೋವು, ಅಲ್ಲಿ ಹಲ್ಲು ಎಷ್ಟಿದೆಯೋ ಇಲ್ಲೂ ಅಷ್ಟೇ ಇತ್ತು. ಜಾರಿಂದು ಗಟ್ಟಿಯಾಗಿದ್ರೆ ಲೆಕ್ಕ ಅಲ್ಲೇ ಸಿಗುತ್ತೆ.

ಹಲ್ಲು ಸರಿ ಹೋದ್ರೂ ಸಾಲಲ್ಲ ಅಕ್ಕ. ಹೋದ ವರ್ಷ ನಾನು ಚಿಕ್ಕಮಗಳೂರಲ್ಲಿ ಹಲ್ಲಷ್ಟೇ ಎಣಿಸಿ ಒಂದು ತಂದೆ. ನೋಡೋಕೆ ತದ್ರೂಪ, ಹಾಕಿದ್ರೆ ಜಾರು ಪೂರ್ತಿ ಕೆಳಗೆ ಕೂರ್ಲೇ ಇಲ್ಲ, ಸ್ವಿಚ್ ಹಾಕಿದ ತಕ್ಷಣ ಗಡಗಡ ಅಲ್ಲಾಡ್ತು. ಎರಡು ಮಿಲಿಮೀಟರ್ ದಪ್ಪ ಜಾಸ್ತಿ ಇತ್ತು. ಫೋಟೋದಲ್ಲಿ ಅಳತೆ ಗೊತ್ತಾಗಲ್ಲ ನೋಡು. ಮಕ್ಕಳ ಸ್ಕೇಲು ಪಕ್ಕದಲ್ಲಿಟ್ಟು ನೇರ ಮೇಲಿಂದ ಒಂದು ಫೋಟೋ ತೆಗಿ. ಆಮೇಲೆ ತಿರುಗಿಸಿಟ್ಟು ಕೆಳಗಡೆದು ಇನ್ನೊಂದು, ಅದೇ ಮುಖ್ಯ. ನಡುವೆ ತಿರುಪಿನ ತರ ಹಿತ್ತಾಳೆ ಥ್ರೆಡ್ ಇದೆಯಾ, ಚೌಕ ತೂತಿದೆಯಾ ಅಂತ ನೋಡ್ಬೇಕು. ಅದು ಬೇರೆಯಾದ್ರೆ ಮೇಲಿನ ಹಲ್ಲು ಎಷ್ಟು ಹೊಂದಿದ್ರೂ ಮೋಟಾರಿಗೆ ಹತ್ತೋದೇ ಇಲ್ಲ. ಮಿಕ್ಸಿ ತಳದ ಚೀಟೀಲಿರೋ ಮಾಡೆಲ್ ನಂಬರ್ರೂ ಹಾಕು.

ಬಿಚ್ಚೋದು ಭಾವ ಮಾಡ್ಲಿ, ಮೊದಲು ಪ್ಲಗ್ ಕಿತ್ತು. ಥ್ರೆಡ್ ಇರೋ ತರದ್ದಾದ್ರೆ ಮೋಟಾರು ಯಾವ ಕಡೆ ತಿರುಗುತ್ತೋ ಆ ಕಡೆಗೇ ತಿರುಗಿಸಿದ್ರೆ ಬಿಚ್ಚುತ್ತೆ. ಓಡುವಾಗ ತಾನಾಗೇ ಬಿಗಿಯಾಗ್ಲಿ ಅಂತ ಹಾಗೆ ಮಾಡಿರ್ತಾರೆ. ಉಲ್ಟಾ ತಿರುಗಿಸಿದ್ರೆ ಇನ್ನೂ ಬಿಗಿಯಾಗುತ್ತೆ. ತಳದ ಮುಚ್ಚಳ ತೆಗೆದು ಶಾಫ್ಟ್ ತಿರುಗದ ಹಾಗೆ ಹಿಡಿಬೇಕು, ಪ್ಲಾಸ್ಟಿಕ್ ಫ್ಯಾನ್ ಮಾತ್ರ ಹಿಡೀಬೇಡಿ, ರೆಕ್ಕೆ ಮುರಿಯುತ್ತೆ.

ಇನ್ನೊಂದು, ತರಿಸೋ ಮುಂಚೆನೇ ನೋಡು. ಒಂದೊಂದೇ ಖಾಲಿ ಜಾರು ಬೋರಲು ಹಾಕಿ ತಳದ ಕಪ್ಲರನ್ನ ಬೆರಳಲ್ಲಿ ತಿರುಗಿಸು, ಸಲೀಸಾಗಿ ತಿರುಗ್ಬೇಕು. ಯಾವ ಜಾರು ಬಿಗಿಯಾಗಿದೆಯೋ ಅದರ ಬುಷ್ ಹಿಡ್ಕೊಂಡಿದೆ, ಹಲ್ಲು ತಿಂದಿರೋದು ಬಹುಶಃ ಅದೇ. ಕಾಯಿ ಚಟ್ನಿ ಮಾಡೋ ಸಣ್ಣ ಜಾರಿನ ಮೇಲೇ ನನಗೆ ಅನುಮಾನ. ಅದನ್ನ ರಿಪೇರಿ ಮಾಡಿಸದೇ ಹೊಸ ಕಪ್ಲರ್ ಹಾಕಿದ್ರೆ ಅದೂ ಹೀಗೇ ಪುಡಿಯಾಗುತ್ತೆ.

ಭಾವ ಕಟ್ಟಿನಕೆರೆ ಮಾರ್ಕೆಟ್ ಕಡೆ ಹೋಗೋದಾದ್ರೆ ಹಳೇ ಕಪ್ಲರ್ರೂ ಒಂದು ಜಾರೂ ಚೀಲದಲ್ಲಿ ಹಾಕ್ಕೊಂಡೇ ಹೋಗ್ಲಿ. ಹೊಸದನ್ನ ಅಲ್ಲೇ ಜಾರಿನ ತಳಕ್ಕೆ ಹಿಡಿದು ನೋಡ್ಲಿ. ಪೂರ್ತಿ ಒಳಗೆ ಕೂತು, ಅಲುಗಿಸಿದ್ರೆ ಒಂಚೂರು ಆಡ್ಬೇಕು, ಅದುಮಿ ಕೂರಿಸೋ ಹಾಗಿದ್ರೆ ಬೇಡ. ಎರಡು ಫೋಟೋ ಇವತ್ತೇ ಹಾಕಕ್ಕ, ನೋಡಿ ರಾತ್ರಿಯೊಳಗೆ ಹೇಳ್ತೀನಿ.