ನಲ್ಲಿಯಲ್ಲಿ ಪ್ರಾಸ ಬರುವುದಿಲ್ಲ

"ಒಂದು ಪದ ಕೂಗಿ, ಯಾವುದಾದರೂ ಸರಿ" ಎಂದ ಸೀನ. ಕಾಫಿ ಲೋಟವನ್ನು ದರ್ಶಿನಿಯ ಕಲ್ಲುಮೇಜಿನ ಮೇಲಿಟ್ಟು ಶರ್ಟಿನ ತೋಳು ಮಡಚಿದ. ಅವರ ಅಪಾರ್ಟ್‌ಮೆಂಟಿನ ರಾಜ್ಯೋತ್ಸವದಲ್ಲಿ ಆಶುಕವಿತೆ ಸ್ಪರ್ಧೆ ಇಟ್ಟಿದ್ದರು. ಅದರಲ್ಲಿ ಇವನಿಗೆ ಮೊದಲ ಬಹುಮಾನ ಬಂದಿತ್ತು. ಅಂದಿನಿಂದ ಇವನ ಎದುರು ಪದ ಆಡುವುದೇ ಕಷ್ಟವಾಗಿದೆ.

"ನಲ್ಲಿ" ಎಂದ ಮಂಜ. ಅವನು ಆಗಷ್ಟೇ ಕೈ ತೊಳೆಯಲು ಹೋಗಿ, ತೊಳೆಯದೆ ವಾಪಸ್ಸು ಬಂದಿದ್ದ.

ಸೀನ ಕಣ್ಣು ಮುಚ್ಚಿ, ಎರಡೇ ಸೆಕೆಂಡಿನಲ್ಲಿ ತೆರೆದ.

"ನೀರೇ ಇಲ್ಲ ನಮ್ಮ ನಲ್ಲಿಯಲ್ಲಿ,
ಟ್ಯಾಂಕರು ನಿಂತಿದೆ ಬೀದಿಯಲ್ಲಿ,
ಕೊಡವ ಹಿಡಿದಿರುವೆ ನಾನು ಕೈಯಲ್ಲಿ,
ದುಡ್ಡೇ ಇಲ್ಲ ನನ್ನ ಜೇಬಿನಲ್ಲಿ!"

ಪದ್ಮಕ್ಕ ಚಪ್ಪಾಳೆ ತಟ್ಟಿದರು. ಪಕ್ಕದ ಮೇಜಿನ ಹುಡುಗರೂ ತಟ್ಟಿದರು. ನಾಣಿ ಮಾತ್ರ ಚಟ್ನಿಯಲ್ಲಿ ಸಾಸಿವೆ ಹುಡುಕುತ್ತಿದ್ದ.

"ಯಾಕೋ, ಚೆನ್ನಾಗಿಲ್ವಾ?"

"ಸಪ್ತಮೀ ವಿಭಕ್ತಿ ಚೆನ್ನಾಗಿದೆ" ಎಂದ ನಾಣಿ. "ನಾಳೆ ತೃತೀಯಾ ಮಾಡು. ಕೈಯಿಂದ, ಬಾಯಿಂದ, ಬೀದಿಯಿಂದ. ಏಳು ದಿನಕ್ಕೆ ಏಳು ವಿಭಕ್ತಿ ಮುಗಿಯುತ್ತೆ. ನಿನಗೆ ಬಹುಮಾನ ಕೊಟ್ಟವರು ಅದನ್ನ ನಿನ್ನ ಕನ್ನಡ ಮೇಷ್ಟ್ರ ಮನೆಗೆ ಕಳಿಸಬೇಕಿತ್ತು."

"ಪ್ರಾಸ ಬಂತೋ ಇಲ್ವೋ?"

"ಬರದೆ ಎಲ್ಲಿ ಹೋಗುತ್ತೆ? ಕನ್ನಡದಲ್ಲಿ ಕ್ರಿಯಾಪದ ಸಾಲಿನ ಕೊನೆಗೇ ಬಂದು ಕೂರುತ್ತೆ. ಹಾಗಾಗಿ ಕೊನೆಯ ಪ್ರಾಸ ನಮಗೆ ಪುಕ್ಕಟೆ. ನಿಮ್ಮ ಅಪಾರ್ಟ್‌ಮೆಂಟಿನ ನೋಟೀಸು ನೋಡು. 'ಇಂದು ನೀರು ಬರುವುದಿಲ್ಲ. ಲಿಫ್ಟು ಓಡುವುದಿಲ್ಲ. ಸಾಮಾನು ತರುವವರನ್ನು ಒಳಗೆ ಬಿಡುವುದಿಲ್ಲ.' ಮೂರು ಸಾಲು, ಮೂರೂ ಪ್ರಾಸ. ಹಾಗಂತ ನಿಮ್ಮ ಸೆಕ್ರೆಟರಿ ಕವಿಯಾ?"

"ಅವರು ನಿವೃತ್ತ ಇಂಜಿನಿಯರು" ಎಂದ ಸೀನ, ಪಾಪ, ಸೀರಿಯಸ್ಸಾಗಿ.

ನಾಣಿಯ ಸಿಟ್ಟಿಗೆ ಕಾರಣವಿಲ್ಲದೆ ಇಲ್ಲ. ಈಗ ಮದುವೆ, ನಾಮಕರಣ, ಆಫೀಸಿನ ವಾರ್ಷಿಕೋತ್ಸವ, ಎಲ್ಲೇ ಹೋದರೂ ಮೈಕು ಹಿಡಿದವರು "ಒಂದು ಪದ ಕೊಡಿ" ಎನ್ನುತ್ತಾರೆ. ಯಾರೋ "ಪ್ರೀತಿ" ಎನ್ನುತ್ತಾರೆ. ಆಮೇಲೆ ಇದೆ, ಬಂದಿದೆ, ನಿಂದಿದೆ, ತಂದಿದೆ. ಊಟ ತಣ್ಣಗಾಗುತ್ತದೆ. ಬೆಳಗ್ಗೆ ಏಳುವಷ್ಟರಲ್ಲಿ ಫೋನಿನಲ್ಲಿ ಶುಭೋದಯದ ಜೊತೆ ಅದೇ ಇದೆ, ಬಂದಿದೆ.

"ಹಾಗಾದ್ರೆ ನೀನೇ ಹೇಳಪ್ಪ, ಅದೇ ನಲ್ಲಿಗೆ" ಎಂದು ಪದ್ಮಕ್ಕ ಕೆಣಕಿದರು.

ನಾಣಿ ಬೆರಳು ಮಡಚುತ್ತ ಹೋದ.

"ಬೆಳಗಾಯ್ತೆನ್ನುತ ತಿರುವಿದೆ ನಲ್ಲಿ,
ಇಣುಕಿತು ಒಳಗಿಂದೊಣಗಿದ ಹಲ್ಲಿ:
ಬಾಡಿಗೆ ನಾನೂ ಕೊಡುವೆನು ಅಣ್ಣ,
ನೀರಿಗೆ ಯಾವುದು ಮರೆತೆನು ಬಣ್ಣ."

"ಹಲ್ಲಿ ಬಾಡಿಗೆ ಕೊಡುತ್ತಾ?" ಎಂದ ಸೀನ.

"ನಿಮ್ಮ ಓನರ್ ಬಿಟ್ಟಿ ಇಟ್ಕೊಳ್ತಾರಾ? ಅದಿರಲಿ, ನೋಡು. ನಲ್ಲಿ ಒಂದು ವಸ್ತು, ಹಲ್ಲಿ ಒಂದು ಪ್ರಾಣಿ. ಎರಡಕ್ಕೂ ಸಂಬಂಧವೇ ಇಲ್ಲ. ಪ್ರಾಸದಿಂದಾಗಿಯೇ ಅವೆರಡೂ ಒಂದು ಬಚ್ಚಲಿಗೆ ಬಂದವು. ಬೀದಿಯಲ್ಲಿ, ಕೈಯಲ್ಲಿ ಅಂದಾಗ ಹೊಸದಾಗಿ ಯಾರು ಬಂದರು? ಯಾರೂ ಇಲ್ಲ."

"ಬೆರಳು ಯಾಕೆ ಮಡಚಿದೆ?" ಎಂದ ಮಂಜ.

"ಮಾತ್ರೆ ಲೆಕ್ಕ. ಚಿಕ್ಕ ಅಕ್ಷರಕ್ಕೆ ಒಂದು. ಎಳೆದು ಹೇಳೋದಕ್ಕೆ ಎರಡು. ಸೊನ್ನೆ ಇರೋದಕ್ಕೆ, ಒತ್ತಕ್ಷರದ ಹಿಂದಿರೋದಕ್ಕೆ ಕೂಡ ಎರಡು. ನಾಲ್ಕು ನಾಲ್ಕರ ಗುಂಪು ಮಾಡ್ಕೊ. ಬೆಳಗಾಯ್, ತೆನ್ನುತ, ತಿರುವಿದೆ, ನಲ್ಲಿ. ಕೊನೆಯದು ಮೂರೇ, ಆದರೆ ಸಾಲಿನ ತುದಿಯಲ್ಲಿ ಎಳೆಯೋಕೆ ಜಾಗ ಇದೆ. ಲೆಕ್ಕ ತಪ್ಪಿದೆಯೋ ಅಂತ ತಿಳಿಯೋಕೆ ಛಂದಸ್ಸಿನ ಪುಸ್ತಕ ಬೇಡ. ಮೇಜು ತಟ್ಟು. ತಟ್ಟೋ ಕೈ ಒಂದು ಕಡೆ ಕಾಯಬೇಕಾಯ್ತು ಅಂದರೆ ಸಾಲು ಕುಂಟ್ತಾ ಇದೆ."

ಸೀನ ಮೇಜು ತಟ್ಟಿದ. "ನೀರೇ ಇಲ್ಲ ನಮ್ಮ" ಎನ್ನುವಲ್ಲೇ ಕೈ ಗಾಳಿಯಲ್ಲಿ ನಿಂತಿತು. ಕ್ಲೀನ್ ಮಾಡುವ ಹುಡುಗ ತನ್ನನ್ನು ಕರೆದರೆಂದು ಬಟ್ಟೆ ಹಿಡಿದು ಓಡಿಬಂದ.

ಮೇಜು ಒರೆಸುವವರೆಗೆ ಎಲ್ಲರೂ ಸುಮ್ಮನಿದ್ದರು. ಪದ್ಮಕ್ಕನೇ ಮತ್ತೆ ಶುರು ಮಾಡಿದರು. "ನಮ್ಮ ಹಳಬರು ಕೊನೆಯ ಪ್ರಾಸದ ಗೋಜಿಗೆ ಜಾಸ್ತಿ ಹೋಗಲೇ ಇಲ್ಲ. ಸಾಲಿನ ಎರಡನೇ ಅಕ್ಷರದಲ್ಲಿ ಪ್ರಾಸ ಇಡ್ತಿದ್ದರು. ಆದಿಪ್ರಾಸ. ಎಲ್ಲ ಸಾಲಲ್ಲೂ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು, ಸ್ವರ ಬೇರೆ ಆಗಬಹುದು. ಮೊದಲನೇ ಅಕ್ಷರ ಒಂದು ಸಾಲಲ್ಲಿ ಗುರು ಆದರೆ ಎಲ್ಲ ಸಾಲಲ್ಲೂ ಗುರುವೇ."

"ಅದನ್ನ ಗೋವಿಂದ ಪೈಗಳು 1911ರಲ್ಲೇ ಬಿಟ್ಟರಲ್ಲ!" ಎಂದ ಸೀನ. ಬಹುಮಾನದ ಜೊತೆ ಕೊಟ್ಟ ಪುಸ್ತಕವನ್ನು ಅವನು ಓದಿದ್ದಾನೆಂದು ಆಗ ಗೊತ್ತಾಯಿತು.

"ಬಿಟ್ಟರು. ಅವರು ಚೆನ್ನಾಗಿ ಬರೆಯೋಕೆ ಬಂದಮೇಲೆ ಬಿಟ್ಟರು" ಎಂದ ನಾಣಿ. "ನೀನು ಹಿಡಿಯೋಕೆ ಮುಂಚೆನೇ ಬಿಟ್ಟಿದ್ದೀಯ."

"ಸರಿ ಮಾರಾಯ, ಹಿಡಿದು ತೋರಿಸು. ಅವಧಾನದಲ್ಲಿ ಕೊಡೋ ಹಾಗೆ ದತ್ತಪದಿ ಕೊಡ್ತೀವಿ. ನಾಲ್ಕು ಪದ, ಸಾಲಿಗೊಂದು" ಎಂದ ಸೀನ.

ದತ್ತಪದಿಯ ಮಜಾ ಇರುವುದೇ ಅಲ್ಲಿ. ಅವಧಾನದಲ್ಲಿ ಹಲವರು ಸವಾಲು ಹಾಕುತ್ತಾರೆ, ಅವಧಾನಿ ಒಬ್ಬರೇ ಎಲ್ಲರಿಗೂ ಆಶುವಾಗಿ ಉತ್ತರ ಕಟ್ಟುತ್ತಾರೆ. ಕೇಳುವವರನ್ನು ಪೃಚ್ಛಕರು ಎನ್ನುತ್ತಾರೆ. ಅವರು ವಿಷಯಕ್ಕೆ ಸಂಬಂಧವೇ ಇಲ್ಲದ ಪದಗಳನ್ನು ಕೊಡುತ್ತಾರೆ. ಅವಧಾನಿ ಆ ಪದವನ್ನು ಅದರ ಅರ್ಥಕ್ಕೇ ಬಳಸಬೇಕೆಂದೇನೂ ಇಲ್ಲ. ಒಂದು ಪದದ ಬಾಲಕ್ಕೆ ಇನ್ನೊಂದರ ತಲೆ ಸೇರಿಸಿ ಅದರ ಸದ್ದನ್ನು ಮಾತ್ರ ಬಚ್ಚಿಡಬಹುದು. ಅವರಂತೂ ಒಂದು ಸಾಲು ಹೇಳಿ, ಉಳಿದ ಪೃಚ್ಛಕರನ್ನೆಲ್ಲ ಸುತ್ತಿ ಬಂದು, ಎರಡನೇ ಸಾಲು ಹೇಳುತ್ತಾರೆ. ಅಷ್ಟೂ ಹೊತ್ತು ಮೊದಲನೆಯದು ತಲೆಯಲ್ಲೇ ಇರಬೇಕು. ಶತಾವಧಾನದಲ್ಲಿ ಸುತ್ತಬೇಕಾದದ್ದು ನೂರು ಜನರನ್ನು. ಅದನ್ನು ಮಾಡಿದ ಶತಾವಧಾನಿ ಆರ್. ಗಣೇಶರು ಇರುವುದು ಇದೇ ಬೆಂಗಳೂರಿನಲ್ಲಿ. ನಾಣಿಗೆ ಸುತ್ತಲು ಮೂರು ಜನ, ಬರೆದುಕೊಳ್ಳಲು ಪೇಪರ್ ನ್ಯಾಪ್‌ಕಿನ್ ಬೇರೆ.

ಸೀನ ತಲೆಯೆತ್ತಿ ಗೋಡೆಯ ಬೋರ್ಡು ನೋಡಿದ. "ಇಡ್ಲಿ, ವಡೆ, ದೋಸೆ, ಪೂರಿ."

"ವಿಷಯ ತಿಂಡಿ ಆಗಬಾರದು" ಎಂದರು ಪದ್ಮಕ್ಕ.

"ಬಾಡಿಗೆ ಮನೆ" ಎಂದ ಮಂಜ, ತಟ್ಟನೆ.

ನಾಣಿ ಮೊದಲ ಸಾಲಿಗೆ ಹೋಗಲೇ ಇಲ್ಲ. "ಪೂರಿ ಸುಲಭ. 'ಪೂರಿಸು'ವಿನಲ್ಲೇ ಕೂತಿದೆ. ಅದನ್ನ ಕೊನೆಗೆ ಇಟ್ಟುಬಿಡೋಣ. ನಗು ಬರೋ ಸಾಲು ಮೊದಲು ಸಿಗಬೇಕು. ಅದು ಸಿಕ್ಕರೆ ಉಳಿದ ಮೂರು ಸಾಲು ಅಲ್ಲಿಗೆ ಹೋಗೋ ದಾರಿ ಅಷ್ಟೆ. ಈಗ ಎರಡನೇ ಅಕ್ಷರ ಯಾವುದು?"

"ನ ಇಟ್ಕೊ. ಮನೆಯಲ್ಲೇ ನ ಇದೆ" ಎಂದ ಸೀನ.

"ಮನೆ, ಕೊನೆ, ದನ. ಆಮೇಲೆ? ಬಾಡಿಗೆ ಮನೆಗೆ ದನ ತರಬೇಕಾಗುತ್ತೆ. ಜಾಸ್ತಿ ಪದ ಸಿಗೋ ಅಕ್ಷರ ಬೇಕು. ಸೊನ್ನೆ ಆದ ಮೇಲೆ ಚ. ಮಂಚ, ಕೊಂಚ, ಲಂಚ, ಹಂಚು, ಇಂಚು, ಪಂಚೆ. ಎಲ್ಲಾ ಮನೆ ಸಾಮಾನೇ."

"ಲಂಚ?"

"ಮನೆ ಕಟ್ಟಿಸಿದವರನ್ನ ಕೇಳು."

ಕೊನೆಯ ಸಾಲು ಅಲ್ಲೇ ಹುಟ್ಟಿತು: ಪಂಚೆಯ ಮಾರಿಯೆ ಪೂರಿಸಬೇಕು. ದೋಸೆಗೆ ಸ್ವಲ್ಪ ಒದ್ದಾಡಿದ. "ದೋ ಅಂತ ಮುಗಿಯೋದು, ಸೆ ಅಂತ ಶುರುವಾಗೋದು" ಎಂದು ಗೊಣಗಿದ. "ಎಂಥದ್ದೋ ಸೆಕೆ!" ಎಂದರು ಪದ್ಮಕ್ಕ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ. ಅವರು ಪದ್ಯಕ್ಕೆಂದು ಹೇಳಿದರೋ, ನಿಜವಾಗಿ ಸೆಕೆಯಾಗಿತ್ತೋ ತಿಳಿಯಲಿಲ್ಲ.

"ಅಕ್ಕಾ, ಸಿಕ್ತು! ಏನೂ ಎಳೆಯೋದೇ ಬೇಡ, ನಾಲ್ಕು ನಾಲ್ಕು ಸರಿಹೋಗುತ್ತೆ. ಹಂಚಿನ ಸೂರಡಿ ಎಂಥದ್ದೋ ಸೆಕೆ."

"ಹಂಚಿನ ಮನೆ ತಂಪು ಕಣೋ" ಎಂದ ಮಂಜ. "ನಮ್ಮದು ಹಂಚಿನದೇ ಅಲ್ವಾ. ಬೇಸಿಗೆಯಲ್ಲೂ ಫ್ಯಾನ್ ಹಾಕಲ್ಲ."

"ಹೌದು, ತಪ್ಪು. ಪ್ರಾಸಕ್ಕೋಸ್ಕರ ಸುಳ್ಳು ಹೇಳಿದರೆ ಸೀನನ ಥರ ಬಹುಮಾನ ಬರುತ್ತೆ" ಎಂದು ನಾಣಿ ಹಂಚು ಹೊಡೆದುಹಾಕಿ ಇಂಚು ತಂದ. ನ್ಯಾಪ್‌ಕಿನ್ನು ಹರಿಯುವಷ್ಟು ಗೀಚಿದ ಮೇಲೆ ಓದಿದ.

"ಮಂಚವೆ ಕೋಣೆಯು, ಕಾಲೆಲ್ಲಿಡ್ಲಿ?
ಕೊಂಚವೆ? ಕೇಳ್ದವ ಡೆಪ್ಪಾಸಿಟ್ಟು!
ಇಂಚಿನ ಕಿಟಕಿಯು, ಎಂಥದ್ದೋ ಸೆಕೆ,
ಪಂಚೆಯ ಮಾರಿಯೆ ಪೂರಿಸಬೇಕು."

ಕಾಲೆಲ್ಲಿಡ್ಲಿಯೊಳಗಿನ ಇಡ್ಲಿ ಪದ್ಮಕ್ಕನಿಗೆ ಮೊದಲು ಸಿಕ್ಕಿತು. ಸೀನ ಎರಡನೇ ಸಾಲಿನ ಮೇಲೆ ಬೆರಳಿಟ್ಟ.

"ಇಲ್ಲಿ ವಡೆ ಎಲ್ಲಿದೆ?"

"ಕೇಳ್ದ, ಅವ, ಡೆಪ್ಪಾಸಿಟ್ಟು. ಅವನ ವ, ಡೆಪ್ಪಾಸಿಟ್ಟಿನ ಡೆ."

"ಅದು ಡಿಪಾಸಿಟ್ಟು. ಡೆ ಅಲ್ಲ, ಪ್ಪಾ ಅಲ್ಲ."

"ಹತ್ತು ತಿಂಗಳ ಬಾಡಿಗೆ ಒಟ್ಟಿಗೆ ಕೇಳಿದಾಗ ಬಾಯಿಂದ ಹೇಗೆ ಬರುತ್ತೆ ಅಂತ ನಿನಗೆ ಗೊತ್ತಿಲ್ಲ. ನಿನ್ನದು ಸ್ವಂತ ಫ್ಲಾಟು. ಆ ಒತ್ತಕ್ಷರ ಬಿದ್ದದ್ದು ಎದೆಗೆ."

"ಕೊನೇಲಿ ಪ್ರಾಸವೇ ಇಲ್ಲವಲ್ಲ?"

"ಬೇಕಿಲ್ಲ ಅಂತಲೇ ಇಷ್ಟು ಹೊತ್ತು ಹೇಳಿದ್ದು!"

ಮಂಜ ನಕ್ಕ. ಸ್ವಲ್ಪ ಜಾಸ್ತಿಯೇ ನಕ್ಕ. ನ್ಯಾಪ್‌ಕಿನ್ನನ್ನು ಮಡಚಿ ಜೇಬಿಗಿಟ್ಟುಕೊಂಡ. "ಮನೆಯವಳಿಗೆ ತೋರಿಸ್ತೀನಿ. ಈ ತಿಂಗಳ ಕೊನೆಗೆ ಖಾಲಿ ಮಾಡಬೇಕು. ಓನರ್ ಮಗ ಮನೆ ಒಡೆದು ನಾಲ್ಕು ಮಹಡಿ ಕಟ್ಟಿಸ್ತಾನಂತೆ."

ಯಾರಿಗೂ ಪದ ಸಿಗಲಿಲ್ಲ. ಆ ಹಂಚಿನ ಮನೆಯ ಜಗಲಿಯಲ್ಲಿ ಇವರೆಲ್ಲ ಎಷ್ಟೋ ಮಳೆ ಕಳೆದಿದ್ದರು. ಬಸವನಗುಡಿಯಲ್ಲಿ ಅಂಥ ಜಗಲಿಗಳು ಈಗ ಉಳಿದಿರುವುದೇ ಕಡಿಮೆ.

"ಈ ಕಡೆ ಎಲ್ಲೂ ಸಿಗಲಿಲ್ವಾ?" ಎಂದರು ಪದ್ಮಕ್ಕ.

"ಸಿಕ್ಕಿತು. ಮಂಚವೆ ಕೋಣೆಯು. ಹಾಗಾಗಿ ಹೊಸಕೋಟೆಯಲ್ಲಿ ನೋಡಿದೀವಿ. ಅಲ್ಲಿ ಕಾಲಿಡೋಕೆ ಜಾಗ ಇದೆ."

"ಹೊಸಕೋಟೆ" ಎಂದ ಸೀನ, ಅಭ್ಯಾಸಬಲದಿಂದ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ನಾಣಿ ಬೆರಳು ಮಡಚಿ ನೋಡಿದ. ಮತ್ತೊಮ್ಮೆ ಮಡಚಿದ. "ಐದು ಮಾತ್ರೆ ಕಣೋ. ನಮ್ಮ ನಾಲ್ಕರ ಲೆಕ್ಕಕ್ಕೆ ಕೂರಲ್ಲ. ದೂರ ಆಯ್ತು."

"ಟೆ ನುಂಗಿಬಿಡು" ಎಂದ ಮಂಜ. "ಬಸ್ಸಿನವರು ಹಾಗೇ ಕೂಗೋದು, ಹೊಸ್ಕೋಟ್ ಹೊಸ್ಕೋಟ್ ಅಂತ. ನಾಲ್ಕೇ ಆಗುತ್ತೆ, ಎಣಿಸು."