ಬ್ಯಾಂಕಿಗೆ ಒಂದೇ ಐಪಿ ಕೊಡಬೇಕಾಗಿದೆ: ನ್ಯಾಟ್ ಗೇಟ್‌ವೇ ಬಳಸಿದವರ ಅನುಭವ ಬೇಕು

ಉದ್ಯಮಬಾಗ, ಬೆಳಗಾವಿ: ಸಕ್ಕರೆ ಕಾರ್ಖಾನೆಗಳ ಕಬ್ಬಿನ ಬಿಲ್ ಪಾವತಿಯ ತಂತ್ರಾಂಶ ನಮ್ಮದು. ಎಡಬ್ಲ್ಯೂಎಸ್ ಮುಂಬೈನ ಖಾಸಗಿ ಸಬ್‌ನೆಟ್‌ನಲ್ಲಿ ಎರಡು ಸರ್ವರ್‌ಗಳಿದ್ದು, ಕಬ್ಬು ನುರಿಸುವ ಹಂಗಾಮಿನಲ್ಲಿ ಆರಾಗುತ್ತವೆ. ಒಂದೇ ಐಪಿಯನ್ನು ವೈಟ್‌ಲಿಸ್ಟ್ ಮಾಡುವುದಾಗಿ ಬ್ಯಾಂಕಿನವರು ಹೇಳಿದ್ದಾರೆ. ನ್ಯಾಟ್ ಗೇಟ್‌ವೇ ಹಾಕಿದವರು ನಿಜವಾದ ಖರ್ಚು ಮತ್ತು ತೊಂದರೆಗಳನ್ನು ತಿಳಿಸುವಿರಾ?

ಒಣದ್ರಾಕ್ಷಿ, ವಿಜಯಪುರ: ನನ್ನ ಗಾಯ ಇನ್ನೂ ಹಸಿಯಾಗಿದೆ, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ನಾವು ಒಣದ್ರಾಕ್ಷಿ ಹರಾಜಿನ ಹಣವನ್ನು ರೈತರ ಖಾತೆಗೆ ಕಳಿಸುತ್ತೇವೆ. ಗೇಟ್‌ವೇ ಹಾಕಿ ಎಂಟು ತಿಂಗಳು ಏನೂ ತೊಂದರೆಯಿರಲಿಲ್ಲ. ಒಂದು ಶುಕ್ರವಾರ ಸಂಜೆ ಸಬ್‌ನೆಟ್‌ಗಳನ್ನು ಮರುಜೋಡಿಸಲೆಂದು ನಮ್ಮ ಹುಡುಗ ಟೆರ್ರಾಫಾರ್ಮ್‌ನ ನೆಟ್‌ವರ್ಕ್ ಭಾಗವನ್ನು ಪೂರ್ತಿ ಕೆಡವಿ ಮತ್ತೆ ಕಟ್ಟಿದ. ಇಲಾಸ್ಟಿಕ್ ಐಪಿಯನ್ನೂ ಅದೇ ಭಾಗದಲ್ಲಿ ಬರೆದಿದ್ದೆವು. ಗೇಟ್‌ವೇಯ ಜೊತೆಗೆ ಅದೂ ಹೋಗಿ, ಹೊಸ ವಿಳಾಸ ಬಂದಿತು.

ಶನಿವಾರ ಬೆಳಿಗ್ಗೆ ಸರ್ವರ್‌ಗಳೆಲ್ಲ ಹಸಿರಾಗಿಯೇ ಕಾಣುತ್ತಿದ್ದವು. ಬ್ಯಾಂಕಿನಿಂದ ಯಾವ ದೋಷ ಸಂಖ್ಯೆಯೂ ಬರದೆ, ಸಂಪರ್ಕವೇ ಕೂಡದೆ ಸಮಯ ಮೀರುತ್ತಿತ್ತು. ಅವರ ಫೈರ್‌ವಾಲ್ ಗುರುತಿಲ್ಲದ ವಿಳಾಸಕ್ಕೆ ಉತ್ತರಿಸುವುದೇ ಇಲ್ಲ. ಇದು ತಿಳಿಯದೆ ನಾವು ಮೂರು ಗಂಟೆ ಸರ್ಟಿಫಿಕೇಟ್ ಹುಡುಕುತ್ತ ಕುಳಿತೆವು. ಕೊನೆಗೆ ಖಾಸಗಿ ಸರ್ವರ್ ಒಂದರಿಂದ ಈ ಒಂದು ಸಾಲು ಓಡಿಸಿದಾಗ ಸತ್ಯ ಹೊರಬಿತ್ತು:

```
curl -s https://checkip.amazonaws.com
```

ಕಳೆದುಕೊಂಡ ವಿಳಾಸವನ್ನು ಮರಳಿ ಕೇಳಲು ದಾರಿಯೊಂದಿದೆ (ಇಲ್ಲಿ ಬರೆದಿರುವುದು ಮಾದರಿ ವಿಳಾಸ):

```
aws ec2 allocate-address --domain vpc --address 203.0.113.25
```

ಅಷ್ಟರಲ್ಲಿ ಬೇರೆಯವರಿಗೆ ಹೋಗಿರದಿದ್ದರೆ ಮಾತ್ರ ಸಿಗುತ್ತದೆ. ನಮಗೆ ಸಿಗಲಿಲ್ಲ. ಅರ್ಜಿ, ಸಹಿ, ಮೊಹರು, ಶಾಖೆಯಿಂದ ಮುಖ್ಯ ಕಚೇರಿಗೆ ಕಾಗದ ಎಂದು ಹನ್ನೊಂದು ದಿನ ಹೋದವು. ಅಷ್ಟೂ ದಿನ ನಾನೇ ಶಾಖೆಯ ಕೌಂಟರಿನಲ್ಲಿ ನಿಂತು ದಿನಕ್ಕೆ ನಲವತ್ತಕ್ಕೂ ಹೆಚ್ಚು ಆರ್‌ಟಿಜಿಎಸ್ ಚೀಟಿ ತುಂಬಿದೆ. ಅದಕ್ಕಿಂತ ಭಯದ ಸಂಗತಿಯೆಂದರೆ, ನಮ್ಮ ಹಳೆಯ ವಿಳಾಸ ಇನ್ನೊಬ್ಬರ ಕೈಯಲ್ಲಿತ್ತು, ಬ್ಯಾಂಕು ಅದನ್ನು ಇನ್ನೂ ಒಳಗೆ ಬಿಡುತ್ತಿತ್ತು. ಅದನ್ನು ತೆಗೆಸಲು ಬೇರೆಯೇ ಪತ್ರ ಬರೆಯಬೇಕಾಯಿತು.

ಗೇಟ್‌ವೇ ಸಾಯಬಹುದು, ಇಲಾಸ್ಟಿಕ್ ಐಪಿ ಸಾಯಬಾರದು. ಗೇಟ್‌ವೇಯನ್ನಷ್ಟೇ ಅಳಿಸಿದರೆ ಐಪಿ ನಿಮ್ಮ ಖಾತೆಯಲ್ಲೇ ಉಳಿಯುತ್ತದೆ, ಹೊಸ ಗೇಟ್‌ವೇಗೆ ಅದನ್ನೇ ಕೊಡಬಹುದು. ಅದನ್ನು ಬೇರೆ ಕಡತದಲ್ಲಿಟ್ಟು ಹೀಗೆ ಬೀಗ ಹಾಕಿರಿ:

```
lifecycle {
  prevent_destroy = true
}
```

ಕೋಟೆಕೆರೆ, ಬೆಳಗಾವಿ: ಆ ಬೀಗವನ್ನು ನೆಚ್ಚಿ ಮಲಗಬೇಡಿ. ಯಾರಾದರೂ ಕಡತದಿಂದ ಆ ಇಡೀ ಬ್ಲಾಕನ್ನೇ ತೆಗೆದರೆ ಬೀಗವೂ ಅದರೊಂದಿಗೇ ಹೋಗುತ್ತದೆ. ಇರಲಿ, ಖರ್ಚಿನ ಮಾತನ್ನು ನಾನು ಹೇಳುತ್ತೇನೆ. ಮುಂಬೈಯಲ್ಲಿ ಗೇಟ್‌ವೇಗೆ ಗಂಟೆಗೆ 0.056 ಡಾಲರ್, ಅಂದರೆ ಸುಮ್ಮನೆ ಇದ್ದರೂ ತಿಂಗಳಿಗೆ ಸುಮಾರು 41 ಡಾಲರ್. ಸಾರ್ವಜನಿಕ ಐಪಿಗೆ 2024ರ ಫೆಬ್ರವರಿಯಿಂದ ಗಂಟೆಗೆ 0.005 ಡಾಲರ್ ಬೇರೆ. ಇದು ಕಣ್ಣಿಗೆ ಕಾಣುವ ಖರ್ಚು. ಕಾಣದ್ದು, ಅದರ ಮೂಲಕ ಹಾಯುವ ಪ್ರತಿ ಜಿಬಿಗೆ ಮತ್ತೆ 0.056 ಡಾಲರ್.

ನಮ್ಮ ಡೇಟಾಬೇಸ್ ಸರ್ವರ್ ಪ್ರತಿ ರಾತ್ರಿ 60 ಜಿಬಿ ಬ್ಯಾಕಪ್ಪನ್ನು ಎಸ್3ಗೆ ಕಳಿಸುತ್ತಿತ್ತು. ತಿಂಗಳಿಗೆ 1800 ಜಿಬಿ, ಬಿಲ್ಲಿನಲ್ಲಿ `NatGateway-Bytes` ಎಂಬ ಸಾಲಿನಲ್ಲಿ ನೂರು ಡಾಲರ್. ಬ್ಯಾಂಕಿನೊಂದಿಗೆ ನಮ್ಮ ವ್ಯವಹಾರ ತಿಂಗಳಿಗೆ ಎರಡು ಜಿಬಿಯೂ ಇರಲಿಲ್ಲ! ಅದೇ ದಿನ ಗೇಟ್‌ವೇ ಕಿತ್ತುಹಾಕಿ, ಟಿ4ಜಿ ನ್ಯಾನೊ ಸರ್ವರ್ ಒಂದಕ್ಕೆ ಅದೇ ಇಲಾಸ್ಟಿಕ್ ಐಪಿ ಕೊಟ್ಟು, ಸೋರ್ಸ್/ಡೆಸ್ಟಿನೇಶನ್ ಚೆಕ್ ಆರಿಸಿ, ಮಾಸ್ಕ್ವೆರೇಡ್ ನಿಯಮ ಬರೆದೆ. ಬ್ಯಾಂಕಿಗೆ ಗೊತ್ತೇ ಆಗಲಿಲ್ಲ. ಎರಡು ವರ್ಷಗಳಿಂದ ನಡೆಯುತ್ತಿದೆ.

ಒಣದ್ರಾಕ್ಷಿ, ವಿಜಯಪುರ: ಕೋಟೆಕೆರೆಯವರೇ, ನೆಗಡಿಗೆ ಮೂಗು ಕೊಯ್ದುಕೊಂಡಂತಾಯಿತು. ಎಸ್3ಗೆ ಗೇಟ್‌ವೇ ಎಂಡ್‌ಪಾಯಿಂಟ್ ಹಾಕಿದ್ದರೆ ಆ 1800 ಜಿಬಿ ನ್ಯಾಟ್ ಹತ್ತಿರವೂ ಸುಳಿಯುತ್ತಿರಲಿಲ್ಲ, ಎಂಡ್‌ಪಾಯಿಂಟಿಗೆ ಶುಲ್ಕವೂ ಇಲ್ಲ. ಒಂದೇ ಎಚ್ಚರಿಕೆ ಬೇಕು: ಬಕೆಟ್‌ನ ನಿಯಮದಲ್ಲಿ ನ್ಯಾಟ್ ವಿಳಾಸಕ್ಕೆ ಮಾತ್ರ `aws:SourceIp` ಮೂಲಕ ಅನುಮತಿ ಕೊಟ್ಟಿದ್ದರೆ ಎಂಡ್‌ಪಾಯಿಂಟ್ ಬಂದ ಕೂಡಲೇ ಬ್ಯಾಕಪ್ ನಿಲ್ಲುತ್ತದೆ. ಅಲ್ಲಿ `aws:SourceVpce` ಬರೆಯಬೇಕು. ನಿಮ್ಮ ನ್ಯಾನೊ ಕರ್ನಲ್ ಅಪ್‌ಡೇಟ್ ಆಗಿ ಮರುಪ್ರಾರಂಭವಾಗುವಾಗ ಯಾರು ಎದ್ದಿರುತ್ತಾರೆ?

ಕೋಟೆಕೆರೆ, ಬೆಳಗಾವಿ: ನಾನೇ ಎದ್ದಿರುತ್ತೇನೆ, ನಾಲ್ಕು ನಿಮಿಷದ ಕೆಲಸ. ಹನ್ನೊಂದು ದಿನ ಕೌಂಟರಿನಲ್ಲಿ ನಿಂತವರಿಂದ ನಾನು ಈ ಪಾಠ ಕಲಿಯಬೇಕಾಗಿಲ್ಲ.

ಗುಳೇದಗುಡ್ಡ ಖಣ: ನಮ್ಮದು ಖಣ ಮತ್ತು ಸೀರೆಗಳ ಆನ್‌ಲೈನ್ ಅಂಗಡಿ. ನಾವೂ ನ್ಯಾಟ್ ಗೇಟ್‌ವೇ ಹಾಕಿ ಪಾವತಿ ಕಂಪನಿಗೆ ಆ ಐಪಿ ಕೊಟ್ಟೆವು. ಆದರೂ ಹಣ ಜಮೆಯಾದ ಸಂದೇಶ ಅವರಿಂದ ನಮ್ಮ ಸರ್ವರಿಗೆ ಒಂದೂ ತಲುಪಲಿಲ್ಲ. ದೀಪಾವಳಿ ವಾರದಲ್ಲಿ ಗಿರಾಕಿಗಳು ಹಣ ಕೊಟ್ಟರೂ ಆರ್ಡರ್‌ಗಳು ಬಾಕಿ ಎಂದೇ ತೋರಿಸುತ್ತಿದ್ದವು, ನನ್ನ ತಂಗಿ ನೂರಾರು ಜನರಿಗೆ ಫೋನು ಮಾಡಿ ಸಮಾಧಾನ ಹೇಳಿದಳು. ಆದ್ದರಿಂದ ನ್ಯಾಟ್ ಗೇಟ್‌ವೇ ನಂಬಬೇಡಿ.

ಒಣದ್ರಾಕ್ಷಿ, ವಿಜಯಪುರ: ಖಣದವರೇ, ಅದು ಹೊರಗೆ ಹೋಗುವ ಬಾಗಿಲು. ಒಳಗಿನಿಂದ ಆರಂಭಿಸಿದ ಸಂಪರ್ಕದ ಉತ್ತರ ಮಾತ್ರ ಅದರಲ್ಲಿ ಮರಳಿ ಬರುತ್ತದೆ. ಅವರು ತಾವಾಗಿಯೇ ಕಳಿಸುವ ಸಂದೇಶಕ್ಕೆ ಲೋಡ್ ಬ್ಯಾಲೆನ್ಸರ್ ಬೇಕಿತ್ತು.

ಗುಳೇದಗುಡ್ಡ ಖಣ: ಆ ಮಾತನ್ನು ಹಾಕಿಕೊಟ್ಟವರು ಆಗ ಹೇಳಬೇಕಿತ್ತು, ಈಗ ನೀವಲ್ಲ.

ನವನಗರ, ಬಾಗಲಕೋಟೆ: ಒಂದೇ ಗೇಟ್‌ವೇ ಸಾಲದು, ಅದು ಒಂದು ಝೋನ್‌ನಲ್ಲಿ ಕೂತಿರುತ್ತದೆ. ಆ ಝೋನ್ ಕೆಟ್ಟರೆ ಪಾವತಿಯೂ ಕೆಟ್ಟಿತು. ಎರಡು ಝೋನ್‌ಗಳಲ್ಲಿ ಎರಡು ಗೇಟ್‌ವೇ ಹಾಕಿ, ಎರಡಕ್ಕೂ ಅದೇ ಇಲಾಸ್ಟಿಕ್ ಐಪಿ ಕೊಡಿ.

ಕೋಟೆಕೆರೆ, ಬೆಳಗಾವಿ: ಮೊದಲ ಮಾತು ಸರಿ, ಕೊನೆಯದು ತಪ್ಪು. ಒಂದು ಇಲಾಸ್ಟಿಕ್ ಐಪಿ ಏಕಕಾಲಕ್ಕೆ ಎರಡು ಕಡೆ ಕೂರುವುದಿಲ್ಲ. ಎರಡು ಗೇಟ್‌ವೇ ಎಂದರೆ ಎರಡು ವಿಳಾಸ, ಬಾಡಿಗೆಯೂ ಎರಡು ಪಟ್ಟು.

ನವನಗರ, ಬಾಗಲಕೋಟೆ: ಹಾಗಾದರೆ ಎರಡೂ ವಿಳಾಸಗಳನ್ನು ಬ್ಯಾಂಕಿಗೆ ಕೊಡಲಿ. ನಮ್ಮ ಬ್ಯಾಂಕು ತೆಗೆದುಕೊಂಡಿದೆ.

ಉದ್ಯಮಬಾಗ, ಬೆಳಗಾವಿ: ನಮ್ಮ ಬ್ಯಾಂಕಿನ ಅರ್ಜಿಯಲ್ಲಿ ಒಂದೇ ಖಾನೆ ಇದೆ ಸರ್. ಇನ್ನೊಂದು ಝೋನ್‌ನ ಸರ್ವರ್‌ಗಳನ್ನೂ ಅದೇ ಗೇಟ್‌ವೇಗೆ ತಿರುಗಿಸಬಹುದೇ?

ಒಣದ್ರಾಕ್ಷಿ, ವಿಜಯಪುರ: ತಿರುಗಿಸಬಹುದು. ಆ ಸಬ್‌ನೆಟ್‌ನ ರೂಟ್ ಟೇಬಲಿನಲ್ಲೂ `0.0.0.0/0` ಅದೇ ಗೇಟ್‌ವೇಯನ್ನು ತೋರಿಸಬೇಕು. ಝೋನ್ ದಾಟುವ ದತ್ತಾಂಶಕ್ಕೆ ಜಿಬಿಗೆ ಪ್ರತಿ ದಿಕ್ಕಿಗೆ ಒಂದು ಸೆಂಟ್, ನಿಮ್ಮ ಪಾವತಿಯ ಪ್ರಮಾಣಕ್ಕೆ ಅದು ಲೆಕ್ಕಕ್ಕಿಲ್ಲ. ಆ ಝೋನ್ ಬಿದ್ದರೆ ಇನ್ನೊಂದರಲ್ಲಿ ಹೊಸ ಗೇಟ್‌ವೇ ಮಾಡಿ ಹಳೆಯ ಐಪಿಯನ್ನೇ ಅದಕ್ಕೆ ಕೊಡುವುದು ನಮ್ಮ ಯೋಜನೆ. ಅಭ್ಯಾಸಕ್ಕೆಂದು ಬೇರೆ ಖಾತೆಯಲ್ಲಿ ಎರಡು ಸಲ ಮಾಡಿದ್ದೇವೆ. ಝೋನ್ ನಿಜವಾಗಿ ಬಿದ್ದ ದಿನ ಹಳೆಯ ಗೇಟ್‌ವೇ ಐಪಿಯನ್ನು ಎಷ್ಟು ಬೇಗ ಬಿಟ್ಟುಕೊಡುತ್ತದೆಂದು ನೋಡುವ ಪ್ರಸಂಗ ನಮಗೆ ಬಂದಿಲ್ಲ.

ಕೋಟೆಕೆರೆ, ಬೆಳಗಾವಿ: ನ್ಯಾನೊ ಆಗಿದ್ದರೆ ಐಪಿಯನ್ನು ಬಲವಂತವಾಗಿ ಕಿತ್ತು ಇನ್ನೊಂದಕ್ಕೆ ಹಚ್ಚುತ್ತೇನೆ.

ಒಣದ್ರಾಕ್ಷಿ, ವಿಜಯಪುರ: ಮತ್ತೆ ನ್ಯಾನೊ.