ಸಹಾಯ ಬೇಕು: ಬಾಯಾರಿಕೆ ಮೀಟರ್ ಬರೀ ಬಟನ್ ಒತ್ತೋ ಕೆಲಸ ಆಗ್ತಿದೆ

ತುಮಕೂರಿನ ಗೇಮ್ ಡೆವಲಪರ್ ಗೆಳೆಯರಿಗೆ ನಮಸ್ಕಾರ. ಮಧುಗಿರಿ ಏಕಶಿಲಾ ಬೆಟ್ಟದಂಥ ಬೋಳುಬಂಡೆ ಮೇಲೆ ನಡೆಯೋ ಸರ್ವೈವಲ್ ಗೇಮ್ ಮಾಡ್ತಿದ್ದೇವೆ.

ಬಿಸಿಲಿಗೆ ಬೇರೆ ಮೀಟರ್ ಇಟ್ಟಿಲ್ಲ, ಅದು ಬಾಯಾರಿಕೆಯ ವೇಗ ಹೆಚ್ಚಿಸುತ್ತೆ ಅಷ್ಟೇ. ಹಸಿವು ಸ್ಟ್ಯಾಮಿನಾದ ಮಿತಿ ಇಳಿಸುತ್ತೆ. ಸಂಜೆ ಒಂದು ಊಟ ಸಾಕು. ಇವೆರಡೂ ಸರಿಯಾಗಿವೆ.

ತೊಡಕು ನೀರಿನದು. ಮೀಟರ್ 100. ನೆರಳಲ್ಲಿ ನಿಮಿಷಕ್ಕೆ 4, ಮಧ್ಯಾಹ್ನದ ಬಂಡೆ ಮೇಲೆ 12 ಇಳಿಯುತ್ತೆ. ಹತ್ತೋಕೆ 6 ನಿಮಿಷ, ಅಂದರೆ ತುದಿಯಲ್ಲಿ ಉಳಿಯೋದು 28. ಇಳಿಯೋಕೆ 4 ನಿಮಿಷ: ಬಿಸಿಲಲ್ಲಿ 48 ಬೇಕು, ಸಂಜೆಯಾದರೆ ನೆರಳಿನ ಲೆಕ್ಕದಲ್ಲೇ 16 ಸಾಕು. ಹಾಗಾಗಿ ಆಟಗಾರ ಸಂಜೆವರೆಗೆ ನೆರಳಲ್ಲಿ ಕಾಯಬೇಕು, ಇಲ್ಲವೇ ಬಂಡೆಯಲ್ಲಿ ನೀರು ನಿಲ್ಲೋ ದೊಣೆ ಹುಡುಕಬೇಕು. ನಮಗೆ ಬೇಕಾದ ಆತಂಕ ಇದೇ.

ಆದರೆ ಒಂದು ಬಾಟಲಿ 40 ತುಂಬುತ್ತೆ. ಎರಡು ಹಿಡಿದು ಹೋದವರಿಗೆ ದೊಣೆಯ ಕಡೆ ನೋಡೋ ಅಗತ್ಯವೇ ಇಲ್ಲ, ದಾರಿಯಲ್ಲಿ ಕುಡಿಯೋ ಬಟನ್ ಒತ್ತುತ್ತಾ ಹೋಗ್ತಾರೆ. ಬಾಟಲಿಗೆ ಭಾರ ಕೊಟ್ಟು, ಒಂದಕ್ಕೆ ಹತ್ತೋ ಸಮಯ 1 ನಿಮಿಷ ಹೆಚ್ಚಿಸಿದೆವು. ಖರ್ಚು 12 ಹೆಚ್ಚಿದರೂ 28 ಲಾಭವೇ. 2 ನಿಮಿಷ ಮಾಡಿದರೂ 16 ಉಳಿಯುತ್ತೆ, ಜೊತೆಗೆ ನಡಿಗೆ ಎಳೆದಂತಾಗಿ ಬೇಜಾರು.

ಒಂದೇ ಬಾಟಲಿ ಅಂತ ಕಟ್ಟಿಹಾಕೋದೋ, ಅಥವಾ ನಿಂತು ನೆರಳಲ್ಲಿ ಮಾತ್ರ ಕುಡಿಯೋ ಹಾಗೆ ಮಾಡೋದೋ? ಎರಡನೆಯದೇ ನಮಗೆ ಒಪ್ಪಿಗೆ, ನೆರಳಿಗೆ ಬೆಲೆ ಬರುತ್ತೆ. ಆದರೆ ನೆರಳುಗಳ ನಡುವೆ ಎಷ್ಟು ನಿಮಿಷದ ಅಂತರ ಇಡಬೇಕು? ಮಾಡಿ ನೋಡಿದವರು ದಯವಿಟ್ಟು ನಿಮ್ಮ ಲೆಕ್ಕ ಹಾಕಿ.